ಕಿರುಚಿತ್ರದ ಟೀಸರ್: ತೋರಿಸುವುದು, ಮುಚ್ಚಿಡುವುದು

ಕಿರುಚಿತ್ರವೊಂದರ ಬಿಡುಗಡೆಗೆ ಮುಂಚೆ ಅದರ ಕಡೆಗೆ ನೋಡುಗರ ಗಮನ ಸೆಳೆಯಲು ಹೊರತರುವ ಕೆಲವೇ ಸೆಕೆಂಡುಗಳ ದೃಶ್ಯತುಣುಕು ಟೀಸರ್. ಟ್ರೇಲರ್ ಕಥೆಯ ಸುಳಿವು ಕೊಡುತ್ತದೆ, ಪಾತ್ರಗಳನ್ನು ಪರಿಚಯಿಸುತ್ತದೆ, ಸಂಘರ್ಷ ಯಾರ ನಡುವೆ ಎಂದು ಹೇಳುತ್ತದೆ. ಟೀಸರ್ ಇಷ್ಟೆಲ್ಲ ಮಾಡಬೇಕಾಗಿಲ್ಲ. ನೋಡಿದವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಎಬ್ಬಿಸಿ, ಉತ್ತರ ಎಲ್ಲಿ ಯಾವಾಗ ಸಿಗುತ್ತದೆ ಎಂದು ತಿಳಿಸಿದರೆ ಅದರ ಕೆಲಸ ಮುಗಿಯಿತು. ಪೂರ್ಣಾವಧಿ ಚಿತ್ರಕ್ಕೆ ಮೊದಲು ಟೀಸರ್, ಆಮೇಲೆ ಹಾಡು, ಕೊನೆಗೆ ಟ್ರೇಲರ್ ಎಂಬ ಕ್ರಮವಿದೆ. ಕಿರುಚಿತ್ರಕ್ಕೆ ಸಾಮಾನ್ಯವಾಗಿ ಟೀಸರ್ ಒಂದೇ. ಏನನ್ನು ತೋರಿಸಬೇಕು, ಏನನ್ನು ಒಳಗಿಡಬೇಕು ಎಂಬ ತೀರ್ಮಾನ ಆ ಒಂದೇ ತುಣುಕಿನಲ್ಲಿ ಆಗಿಬಿಡಬೇಕು.

ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಈ ಕೆಲಸ ಕಲಿಯುವವರ ಸಂಖ್ಯೆ ಸಣ್ಣದಲ್ಲ. ಉಜಿರೆಯ ಎಸ್‌ಡಿಎಂ ಕಾಲೇಜು ಮತ್ತು ಮೂಡುಬಿದಿರೆಯ ಆಳ್ವಾಸ್ ಕಾಲೇಜುಗಳಲ್ಲಿ ಪತ್ರಿಕೋದ್ಯಮ ವಿಭಾಗಗಳಿವೆ. ತುಳು ರಂಗಭೂಮಿಯಿಂದ, ಯಕ್ಷಗಾನದಿಂದ, ಮದುವೆಯ ವಿಡಿಯೊ ತೆಗೆಯುವ ಸ್ಟುಡಿಯೊಗಳಿಂದ ಬಂದವರೂ ಕ್ಯಾಮರಾ ಹಿಡಿಯುತ್ತಾರೆ. ಆದರೆ ಕಾಣಿಸುವುದು ಎಷ್ಟು, ಮರೆಮಾಡುವುದು ಎಷ್ಟು ಎಂಬ ಲೆಕ್ಕ ಈ ಸೀಮೆಗೆ ಸಿನಿಮಾದ ಜೊತೆ ಬಂದದ್ದಲ್ಲ.

ತೆರೆಯ ಹಿಂದಿನ ವೇಷ

ಬಯಲಾಟ ಇರುವ ಸಂಜೆ ಚೌಕಿಯ ಕಡೆಯಿಂದ ಚೆಂಡೆಯ ಸದ್ದು ಕೇಳುತ್ತದೆ. ಇದಕ್ಕೆ ಕೇಳಿ ಹೊಡೆಯುವುದು ಎನ್ನುತ್ತಾರೆ. ಯಾವ ಪ್ರಸಂಗ, ಯಾರ ವೇಷ ಎಂಬುದೊಂದೂ ಅದರಲ್ಲಿಲ್ಲ. ಇವತ್ತು ಇಲ್ಲಿ ಆಟ ಉಂಟು ಎಂಬ ಸುದ್ದಿ ಮಾತ್ರ ಗುಡ್ಡದಾಚೆಯ ಮನೆಗೂ ಮುಟ್ಟುತ್ತದೆ. ಡೇರೆ ಮೇಳಗಳ ಕಾಲದಲ್ಲಿ ಈ ಕೆಲಸಕ್ಕೆ ಮೈಕ್ ಕಟ್ಟಿದ ಜೀಪು ಮತ್ತು ಬಣ್ಣದ ನೋಟೀಸುಗಳು ಸೇರಿಕೊಂಡವು. ನೋಟೀಸಿನಲ್ಲಿ ಪ್ರಸಂಗದ ಹೆಸರು ದೊಡ್ಡದಾಗಿ, ಕಲಾವಿದರ ಹೆಸರು ಸಾಲುಸಾಲಾಗಿ ಇರುತ್ತಿತ್ತು. ಕಥೆ ಇರುತ್ತಿರಲಿಲ್ಲ.

ಇನ್ನೂ ಹತ್ತಿರದ ನಿದರ್ಶನ ತೆಂಕುತಿಟ್ಟಿನ ಬಣ್ಣದ ವೇಷದ ತೆರೆ ಒಡ್ಡೋಲಗ. ರಕ್ಕಸ ಪಾತ್ರ ರಂಗಕ್ಕೆ ಬಂದಾಗ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಗಂಟೆಗಟ್ಟಲೆ ಕೂತು ಚುಟ್ಟಿ ಇಟ್ಟು ಬರೆದ ಆ ಮುಖ ತಟ್ಟನೆ ಕಾಣುವುದಿಲ್ಲ. ಮೊದಲು ತೆರೆಯ ಮೇಲಂಚಿನಲ್ಲಿ ಕಿರೀಟ ಅಲ್ಲಾಡುತ್ತದೆ, ಆಮೇಲೆ ಕೈಬೆರಳು ಕಾಣುತ್ತದೆ, ತೆರೆ ಸ್ವಲ್ಪ ಸರಿದು ಮತ್ತೆ ಮುಚ್ಚುತ್ತದೆ. ಚೆಂಡೆ ಏರುತ್ತಾ ಹೋಗಿ ಕಡೆಗೆ ತೆರೆ ಸರಿದಾಗ ಪೂರ್ತಿ ವೇಷ ಎದುರು ನಿಲ್ಲುತ್ತದೆ. ಬರುವವನು ಯಾರೆಂದು ಪ್ರೇಕ್ಷಕರಿಗೆ ಗೊತ್ತು. ಆದರೂ ಕಾಯುತ್ತಾರೆ, ಏಕೆಂದರೆ ಅಲ್ಲಿ ಮುಚ್ಚಿಟ್ಟಿರುವುದು ಹೆಸರನ್ನಲ್ಲ, ರೂಪವನ್ನು. ಟೀಸರ್ ಕತ್ತರಿಸುವವರು ಮೊದಲು ಕೇಳಿಕೊಳ್ಳಬೇಕಾದದ್ದೂ ಇದನ್ನೇ: ತಮ್ಮ ಚಿತ್ರದಲ್ಲಿ ಮುಚ್ಚಿಡಲು ಯೋಗ್ಯವಾದದ್ದು ಸುದ್ದಿಯೋ, ರೂಪವೋ?

ಸಿನಿಮಾ ಕಲಿತ ಪಾಠ

ಆಲ್‌ಫ್ರೆಡ್ ಹಿಚ್‌ಕಾಕ್ 1960ರ 'ಸೈಕೋ' ಚಿತ್ರದ ಟ್ರೇಲರಿನಲ್ಲಿ ತಾವೇ ನಿಂತು ಸೆಟ್ಟನ್ನು ತೋರಿಸುತ್ತಾ ಹೋದರು. ಇಲ್ಲಿ ಹೀಗಾಯಿತು, ಅಲ್ಲಿ ಹಾಗಾಯಿತು ಎನ್ನುತ್ತಲೇ ಮುಖ್ಯವಾದದ್ದನ್ನು ನುಂಗಿಕೊಂಡರು. ಕೊನೆಗೆ ಸ್ನಾನದ ಕೋಣೆಯ ಪರದೆ ಸರಿದು ಹೆಂಗಸೊಬ್ಬಳು ಚೀರುತ್ತಾಳೆ. ಆಕೆ ಚಿತ್ರದಲ್ಲಿ ಆ ದೃಶ್ಯದಲ್ಲಿ ಇರುವ ಜಾನೆಟ್ ಲೀ ಅಲ್ಲ, ವಿಗ್ ಧರಿಸಿದ ವೆರಾ ಮೈಲ್ಸ್. ಘಟನೆಯನ್ನು ತೋರಿಸಿ, ಅದು ಯಾರಿಗೆ ಆಯಿತು ಎಂಬುದನ್ನು ಒಳಗಿಟ್ಟ ಜಾಣ್ಮೆ ಅದು.

1991ರ 'ಟರ್ಮಿನೇಟರ್ 2' ಎರಡು ಬಗೆಯ ಪಾಠಗಳನ್ನು ಒಟ್ಟಿಗೆ ಕೊಡುತ್ತದೆ. ಅದರ ಟೀಸರಿನಲ್ಲಿ ಚಿತ್ರದ ಒಂದು ದೃಶ್ಯವೂ ಇಲ್ಲ. ಕಾರ್ಖಾನೆಯೊಂದರಲ್ಲಿ ಯಂತ್ರಮಾನವ ತಯಾರಾಗುವುದನ್ನು ಅದಕ್ಕೆಂದೇ ಬೇರೆಯಾಗಿ ಚಿತ್ರಿಸಿದ್ದರು. ಅದು ಗೆದ್ದಿತು. ಆದರೆ ಚಿತ್ರದ ಮೊದಲ ಭಾಗದಲ್ಲಿ, ಹುಡುಗನನ್ನು ಹುಡುಕಿ ಬಂದ ಇಬ್ಬರಲ್ಲಿ ಕೊಲ್ಲುವವನು ಯಾರು, ಕಾಯುವವನು ಯಾರು ಎಂಬುದನ್ನು ಮರೆಮಾಡಲು ಪಟ್ಟ ಶ್ರಮವನ್ನೆಲ್ಲ ಮುಂದೆ ಬಂದ ಟ್ರೇಲರ್ ನೀರುಪಾಲು ಮಾಡಿತು. ಷ್ವಾರ್ಜ್‌ನೆಗರ್ ಈ ಸಲ ಒಳ್ಳೆಯವನು ಎಂದು ಅದು ಮೊದಲೇ ಹೇಳಿಬಿಟ್ಟಿತ್ತು.

ಕನ್ನಡದಲ್ಲಿ ಅತಿ ಹೆಚ್ಚು ಮುಚ್ಚಿಟ್ಟ ಟೀಸರ್ ಬಹುಶಃ ಉಪೇಂದ್ರ ಅವರ 'ಯುಐ' ಚಿತ್ರದ್ದು. 2023ರ ಸೆಪ್ಟೆಂಬರ್ 18ರಂದು ಬಂದ ಆ ತುಣುಕಿನಲ್ಲಿ ಪರದೆ ಕತ್ತಲು, ಕೇಳಿಸಿದ್ದು ಶಬ್ದ ಮಾತ್ರ. ಚಿತ್ರ ಬಂದದ್ದು 2024ರ ಡಿಸೆಂಬರಿನಲ್ಲಿ. ಕತ್ತಲು ಪರದೆಯ ಮುಂದೆ ಜನ ಕೂರಲು ಕಾರಣ ಉಪೇಂದ್ರ ಎಂಬ ಹೆಸರು. ಹೆಸರಿಲ್ಲದ ತಂಡ ಹೀಗೆ ಮಾಡಿದರೆ ಫೋನ್ ಕೆಟ್ಟಿತೆಂದು ನೋಡುಗರು ಮುಂದೆ ಹೋದಾರು. ನೋಡುವವರಿಗೆ ಮೊದಲೇ ನಂಬಿಕೆ ಎಷ್ಟಿದೆಯೋ ಅಷ್ಟು ಮಾತ್ರ ಮುಚ್ಚಿಡಬಹುದು. ಹೊಸಬರ ಕಿರುಚಿತ್ರ ಮೊದಲ ಮೂರು ಸೆಕೆಂಡಿನಲ್ಲೇ ಏನಾದರೊಂದು ಕೊಡಬೇಕಾಗುತ್ತದೆ.

ಚಿಕ್ಕದರಲ್ಲಿ ಚಿಕ್ಕದು

ಎರಡು ಗಂಟೆ ಹತ್ತು ನಿಮಿಷದ ಚಿತ್ರಕ್ಕೆ ಎರಡೂವರೆ ನಿಮಿಷದ ಟ್ರೇಲರ್ ಬಂದರೆ ಅದು ಚಿತ್ರದ ಸುಮಾರು ಶೇ. 2ರಷ್ಟು. ಇದೇ ಅಳತೆಯಲ್ಲಿ 14 ನಿಮಿಷದ ಕಿರುಚಿತ್ರಕ್ಕೆ ಸಿಗುವುದು 17 ಸೆಕೆಂಡ್. ಒಂದು ನಿಮಿಷದ ಟೀಸರ್ ಮಾಡಿದರೆ ಶೇ. 7ರಷ್ಟು ಹೋಯಿತು. ಕಿರುಚಿತ್ರದಲ್ಲಿ ಬಳಸಬಹುದಾದ ಬಲವಾದ ಚಿತ್ರಿಕೆಗಳು ಹತ್ತೋ ಹನ್ನೆರಡೋ ಇರುತ್ತವೆ. ಒಂದು ನಿಮಿಷದಲ್ಲಿ ಅವೆಲ್ಲ ಖರ್ಚಾಗಿ, ಚಿತ್ರ ನೋಡುವಾಗ ಎಲ್ಲವೂ ಹಿಂದೆ ನೋಡಿದ್ದೇ ಅನ್ನಿಸುತ್ತದೆ. ಟೀಸರೇ ಚೆನ್ನಾಗಿತ್ತು ಎಂಬ ಮಾತು ಬರುವುದು ಹೀಗೆ.

ಬಳಕೆಯಲ್ಲಿ 20ರಿಂದ 40 ಸೆಕೆಂಡಿನ ಟೀಸರುಗಳು ಹೆಚ್ಚು. ಇದಕ್ಕೆ ಕಲೆಯಷ್ಟೇ ಅಲ್ಲ, ಫೋನೂ ಕಾರಣ. ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಬಹುಕಾಲ 30 ಸೆಕೆಂಡಿಗಿಂತ ಉದ್ದದ ವಿಡಿಯೊ ಒಂದೇ ತುಂಡಾಗಿ ನಿಲ್ಲುತ್ತಿರಲಿಲ್ಲ. ಆ ಮಿತಿ ಈಗ ಸಡಿಲವಾಗಿದ್ದರೂ ಅದರಲ್ಲಿ ಪಳಗಿದ ಅಳತೆ ಉಳಿದುಕೊಂಡಿದೆ. ಬಿ.ಸಿ. ರೋಡಿನ ಬಸ್ಸಿನಲ್ಲಿ, ಉಜಿರೆಯ ಹಾಸ್ಟೆಲಿನಲ್ಲಿ ಇಂಥ ತುಣುಕು ಮೊದಲು ಕಾಣುವುದು ಗೆಳೆಯರ ಸ್ಟೇಟಸ್ಸಿನಲ್ಲೇ.

ಎಷ್ಟೋ ಸಲ ಫೋನು ಸದ್ದಿಲ್ಲದೆ ಇರುತ್ತದೆ. ಆದ್ದರಿಂದ ಮೊದಲ ಚಿತ್ರಿಕೆ ಶಬ್ದವಿಲ್ಲದೆಯೂ ಅರ್ಥವಾಗಬೇಕು, ಮಾತಿದ್ದರೆ ಅಕ್ಷರವೂ ಇರಬೇಕು. ಸಂಭಾಷಣೆ ತುಳುವಿನಲ್ಲೋ ಬ್ಯಾರಿಯಲ್ಲೋ ಇದ್ದರೆ ಕನ್ನಡ ಅಡಿಬರಹ ಹೇಗೂ ಬೇಕು.

ಅಡ್ಡಚಿತ್ರವನ್ನು ಫೋನಿಗಾಗಿ ಉದ್ದಚಿತ್ರವಾಗಿ ಕತ್ತರಿಸುವುದು ಇನ್ನೊಂದು ಸಂಗತಿ. 16:9 ಅಳತೆಯ ಚಿತ್ರಿಕೆಯನ್ನು 9:16ಕ್ಕೆ ಇಳಿಸಿದರೆ ಅಗಲದಲ್ಲಿ ಮೂರನೇ ಒಂದು ಪಾಲಿಗಿಂತಲೂ ಸ್ವಲ್ಪ ಕಡಿಮೆ ಉಳಿಯುತ್ತದೆ. ಇದನ್ನು ನಷ್ಟವೆಂದು ಗೊಣಗುವವರೇ ಹೆಚ್ಚು. ಜಾಣ ಸಂಕಲನಕಾರರು ಇದನ್ನೂ ತೆರೆಯಂತೆ ಬಳಸುತ್ತಾರೆ: ಇಬ್ಬರು ಕೂತ ಚಿತ್ರಿಕೆಯಲ್ಲಿ ಒಬ್ಬರನ್ನೇ ಉಳಿಸಿದರೆ, ಆಕೆ ಯಾರ ಜೊತೆ ಮಾತಾಡುತ್ತಿದ್ದಾಳೆ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ.

ಎರಡು ಜಾತಿಯ ಕಥೆಗಳು

ಮುಚ್ಚಿಡುವ ಮೊದಲು ಚಿತ್ರದ ಜಾತಿ ತಿಳಿಯಬೇಕು. ಕೆಲವು ಕಿರುಚಿತ್ರಗಳು ಕೊನೆಯ ಒಂದು ತಿರುವಿನ ಮೇಲೆ ನಿಂತಿರುತ್ತವೆ. ಆ ತಿರುವು ಗೊತ್ತಾದರೆ ಹಿಂದಿನದೆಲ್ಲ ಸಡಿಲ. ಇನ್ನು ಕೆಲವು ಒಂದು ಲೋಕವನ್ನು ಕಟ್ಟಿ ಅದರೊಳಗೆ ಕರೆದೊಯ್ಯುತ್ತವೆ. ಅಲ್ಲಿ ಕಥೆ ಗೊತ್ತಿದ್ದರೂ ರುಚಿ ಕೆಡುವುದಿಲ್ಲ.

ಎರಡನೆಯ ಜಾತಿಗೆ ಕನ್ನಡದಲ್ಲೇ ಒಳ್ಳೆಯ ಉದಾಹರಣೆ ಚಿದಾನಂದ ಎಸ್. ನಾಯ್ಕ್ ನಿರ್ದೇಶನದ 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ'. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ತಯಾರಾದ ಈ 16 ನಿಮಿಷದ ಕನ್ನಡ ಚಿತ್ರ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗವಾದ ಲಾ ಸಿನೆಫ್‌ನಲ್ಲಿ ಮೊದಲ ಬಹುಮಾನ ಪಡೆಯಿತು. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದಿಯುತ್ತಾಳೆ, ಊರಿಗೆ ಬೆಳಗಾಗುವುದಿಲ್ಲ, ಹುಂಜವನ್ನು ಮರಳಿ ಪಡೆಯಲು ಊರವರು ಮುದುಕಿಯ ಮನೆಯವರನ್ನೇ ಗಡಿಪಾರು ಮಾಡುತ್ತಾರೆ. ಚಿತ್ರದ ಅಧಿಕೃತ ಕಥಾಸಾರವೇ ಇದನ್ನೆಲ್ಲ ಹೇಳುತ್ತದೆ. ಕದ್ದವರು ಯಾರೆಂಬುದು ಇಲ್ಲಿ ಗುಟ್ಟೇ ಅಲ್ಲ. ಮುಚ್ಚಿಡಬೇಕಾದದ್ದು ಬೆಳಗಾಗದ ಊರು ಹೇಗೆ ಕಾಣುತ್ತದೆ ಎಂಬುದನ್ನು. ಸೂರಜ್ ಠಾಕೂರ್ ಅವರ ಛಾಯಾಗ್ರಹಣದಲ್ಲಿ ಮೂಡಿದ ಆ ಕತ್ತಲನ್ನು ಒಂದೆರಡು ಚಿತ್ರಿಕೆಗಳಲ್ಲಿ ತೋರಿಸಿ ನಿಲ್ಲಿಸಿದರೆ ಸಾಕು. ಇಂಥ ಚಿತ್ರದ ಟೀಸರಿನಲ್ಲಿ ಕಥೆಯನ್ನು ಧಾರಾಳವಾಗಿ ಕೊಟ್ಟು ನೋಟವನ್ನು ಜಿಪುಣತನದಿಂದ ಹಂಚಬೇಕು. ತಿರುವಿನ ಚಿತ್ರಕ್ಕೆ ಇದರ ತಿರುಗುಮುರುಗು.

ಕಥೆ ಗೊತ್ತಾದರೆ ರುಚಿ ಕೆಡುತ್ತದೆಂಬ ನಂಬಿಕೆಯನ್ನು ಮನಶ್ಶಾಸ್ತ್ರಜ್ಞರು ಪರೀಕ್ಷೆಗೂ ಒಡ್ಡಿದ್ದಾರೆ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೊನಾಥನ್ ಲೀವಿಟ್ ಮತ್ತು ನಿಕೊಲಾಸ್ ಕ್ರಿಸ್ಟನ್‌ಫೆಲ್ಡ್ ಸಣ್ಣಕಥೆಗಳನ್ನು ಕೊಟ್ಟು ನೋಡಿದಾಗ, ಅಂತ್ಯ ಮೊದಲೇ ತಿಳಿದ ಓದುಗರು ಕಥೆಯನ್ನು ಹೆಚ್ಚೇ ಮೆಚ್ಚಿದ್ದು ಕಂಡುಬಂತು. ಆದರೆ ಆ ಓದುಗರು ಕಥೆ ಓದಲೆಂದೇ ಕೂತವರು. ಟೀಸರ್ ನೋಡುವವರು ಇನ್ನೂ ಕೂತಿಲ್ಲ. ಅವರನ್ನು ಕೂರಿಸಲು ಬೇಕಾದದ್ದು ಉತ್ತರವಲ್ಲ, ಕೊರತೆ.

ಒಂದು ಟೀಸರ್ ಕತ್ತರಿಸುವ ಬಗೆ

ತಿರುವಿನ ಚಿತ್ರದ ಟೀಸರ್ ಹೇಗೆ ರೂಪುಗೊಳ್ಳುತ್ತದೆಂದು ನೋಡಲು ಒಂದು ಕಲ್ಪಿತ ಕಥೆ ಇಟ್ಟುಕೊಳ್ಳಬಹುದು. ಈ ಮೂರೂ ತಾಲೂಕುಗಳಲ್ಲಿ ಬೀಡಿ ಕಟ್ಟುವ ಮನೆಗಳು ಇದ್ದೇ ಇವೆ. ಬಂಟ್ವಾಳದ ಹಳ್ಳಿಯೊಂದರ ಹೆಂಗಸು ದಿನಕ್ಕೆ ಒಂದು ಸಾವಿರ ಬೀಡಿ ಕಟ್ಟುತ್ತಾಳೆ. ಕಟ್ಟಿಗೆ 25ರಂತೆ 40 ಕಟ್ಟು. ಒಂದು ದಿನ ಬೆಳಿಗ್ಗೆ ತಡ್ಪೆಯಲ್ಲಿ 41 ಕಟ್ಟು ಕಾಣುತ್ತದೆ. ಮರುದಿನ 42. ಎಣಿಕೆ ತಪ್ಪಿತೋ, ಮಗಳು ಶಾಲೆ ಬಿಟ್ಟು ಕಟ್ಟುತ್ತಿದ್ದಾಳೋ ಎಂದು ಆಕೆಗೆ ಸಂಶಯ. ರಾತ್ರಿ ಎಚ್ಚರವಿದ್ದು ನೋಡಿದರೆ, ಹಂಚಿನ ಕಾರ್ಖಾನೆ ಮುಚ್ಚಿದಂದಿನಿಂದ ಮಾತೇ ಬಿಟ್ಟಿರುವ ಗಂಡ ಕತ್ತಲಲ್ಲಿ ಕೂತು, ಬಾರದ ಕೈಯಲ್ಲಿ ಬೀಡಿ ಕಟ್ಟುತ್ತಿದ್ದಾನೆ. ಚಿತ್ರ 14 ನಿಮಿಷ, ಗುಟ್ಟು ಬಿಚ್ಚುವುದು ಹನ್ನೆರಡನೆಯ ನಿಮಿಷದಲ್ಲಿ.

ಮೊದಲ ಕೆಲಸ ಕಥೆಯನ್ನು ಮೆಟ್ಟಿಲುಗಳಾಗಿ ಬರೆದುಕೊಳ್ಳುವುದು: ಹೆಚ್ಚಿನ ಕಟ್ಟು, ಸಂಶಯ, ರಾತ್ರಿಯ ಕಾವಲು, ಗಂಡ. ಟೀಸರ್ ಎರಡನೆಯ ಮೆಟ್ಟಿಲು ಹತ್ತಿ ಮೂರನೆಯದರ ಮೇಲೆ ಕಾಲಿಟ್ಟು ನಿಲ್ಲಬೇಕು. ಎರಡನೆಯ ಕೆಲಸ, ಹನ್ನೆರಡನೆಯ ನಿಮಿಷದಿಂದ ಮುಂದಿನ ಭಾಗವನ್ನು ಸಂಕಲನದ ಟೈಮ್‌ಲೈನಿನಿಂದಲೇ ತೆಗೆದಿಟ್ಟು ಕೂರುವುದು. ಅಲ್ಲಿನ ಚಿತ್ರಿಕೆಗಳೇ ಎಲ್ಲಕ್ಕಿಂತ ಚೆಂದ ಇರುತ್ತವೆ. ಕಣ್ಣೆದುರಿಗಿದ್ದರೆ ಒಂದಾದರೂ ಒಳಗೆ ನುಸುಳುತ್ತದೆ.

34 ಸೆಕೆಂಡಿನ ಜೋಡಣೆ ಹೀಗಿರಬಹುದು. ಮೊದಲ ಮೂರು ಸೆಕೆಂಡು ಕತ್ತರಿ ಎಲೆಯ ಅಂಚು ಕತ್ತರಿಸುವ ತೀರ ಹತ್ತಿರದ ಚಿತ್ರಿಕೆ. ಸದ್ದಿಲ್ಲದಿದ್ದರೂ ಕಣ್ಣು ನಿಲ್ಲುತ್ತದೆ. ಆರು ಸೆಕೆಂಡು ಬೆರಳುಗಳ ಓಟ: ಹೊಗೆಸೊಪ್ಪು, ಸುರುಳಿ, ನೂಲು. ಮುಂದಿನ ಆರರಲ್ಲಿ ಆಕೆ ತುಳುವಿನಲ್ಲಿ ಎಣಿಸುತ್ತಾಳೆ, 'ನಲ್ಪ' ಎಂಬಲ್ಲಿಗೆ ಕೈ ನಿಲ್ಲುತ್ತದೆ. ನಾಲ್ಕು ಸೆಕೆಂಡು ತಡ್ಪೆಯಲ್ಲಿ ಉಳಿದ ಒಂದು ಕಟ್ಟು, ಮಾತಿಲ್ಲ. ಐದು ಸೆಕೆಂಡು ಬೀಡಿ ಬ್ರಾಂಚಿನ ಗುಮಾಸ್ತ ಪಾಸ್‌ಬುಕ್ ನೋಡಿ ತಲೆಯೆತ್ತಿ ಆಕೆಯನ್ನು ನೋಡುವುದು. ಆಮೇಲೆ ಐದು ಸೆಕೆಂಡು ಕತ್ತಲು, ಅದರೊಳಗೆ ಕತ್ತರಿಯ ಸದ್ದು ಒಂದೇ ಸಲ. ಉಳಿದ ಐದರಲ್ಲಿ ಚಿತ್ರದ ಹೆಸರು, ದಿನಾಂಕ, ಎಲ್ಲಿ ನೋಡಬಹುದು ಎಂಬ ಸಾಲು.

ಇಲ್ಲಿ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಗಂಡನನ್ನು ಏನು ಮಾಡುವುದು ಎಂಬುದು. ಟೀಸರಿನಲ್ಲಿ ಅವನೇ ಇಲ್ಲದಿದ್ದರೆ, ಚಿತ್ರ ಶುರುವಾದ ಕೂಡಲೇ ಕಾಣುವ ಈ ಹೊಸ ಮುಖದ ಮೇಲೆ ನೋಡುಗರ ಕಣ್ಣು ಬೀಳುತ್ತದೆ. ಅವನನ್ನು ಎರಡು ಸೆಕೆಂಡು ಹತ್ತಿರದಿಂದ ತೋರಿಸಿದರೆ ಇವನೇ ಇರಬೇಕೆಂದು ಊಹಿಸುತ್ತಾರೆ. ಸರಿಯಾದ ಜಾಗ ಹಿನ್ನೆಲೆ. ಆಕೆ ಎಣಿಸುವ ಚಿತ್ರಿಕೆಯಲ್ಲಿ, ಹಿಂದೆ ಜಗಲಿಯಲ್ಲಿ ಚಾ ಕುಡಿಯುತ್ತಾ ಕೂತ ಮಸುಕಾದ ಆಕೃತಿಯಾಗಿ ಅವನು ಇದ್ದರೆ ಆಯಿತು. ಅವನು ಆ ಮನೆಯ ಸಾಮಾನುಗಳಲ್ಲಿ ಒಂದಾಗಿ ಕಣ್ಣಿಗೆ ಒಗ್ಗುತ್ತಾನೆ. ಕಥೆಯೂ ಹೇಳುವುದು ಅದನ್ನೇ ಆದ್ದರಿಂದ ಟೀಸರ್ ಮೋಸ ಮಾಡಿದಂತಾಗುವುದಿಲ್ಲ.

ಬೀಡಿಯ ಕಥೆಯಾದ್ದರಿಂದ ಇನ್ನೊಂದು ಎಚ್ಚರ ಬೇಕು. ತಂಬಾಕು ಉತ್ಪನ್ನಗಳ ಜಾಹೀರಾತನ್ನು ಕಾನೂನು ನಿಷೇಧಿಸಿರುವುದರಿಂದ ಬ್ರಾಂಚಿನ ಗೋಡೆಯ ಮೇಲಾಗಲಿ ಕಟ್ಟಿನ ಮೇಲಾಗಲಿ ಕಂಪೆನಿಯ ಹೆಸರು ಕಾಣದಂತೆ ನೋಡಿಕೊಳ್ಳಬೇಕು.

ಗುಟ್ಟು ಸೋರುವ ದಾರಿಗಳು

ಜೋಡಣೆ ಚೆನ್ನಾಗಿದ್ದೂ ಗುಟ್ಟು ಹೊರಬೀಳುವುದುಂಟು. ಹೆಚ್ಚಾಗಿ ಸೋರುವುದು ದೃಶ್ಯದಿಂದಲ್ಲ, ಅದರ ಅಕ್ಕಪಕ್ಕದಿಂದ. ಯೂಟ್ಯೂಬಿಗೆ ಹಾಕುವಾಗ ಮುಖಚಿತ್ರಕ್ಕೆಂದು ಅತ್ಯಂತ ಭಾವತೀವ್ರವಾದ ಸ್ತಬ್ಧಚಿತ್ರ ಆರಿಸುತ್ತಾರೆ, ಅದು ಕೊನೆಯ ದೃಶ್ಯದ್ದೇ ಆಗಿರುತ್ತದೆ. ಪೋಸ್ಟರಿನಲ್ಲಿ ಗಂಡಹೆಂಡತಿ ಎದುರುಬದುರು ಕೂತು ಬೀಡಿ ಕಟ್ಟುವ ಚಿತ್ರ ಬಂದರೆ 34 ಸೆಕೆಂಡಿನ ಸಂಯಮ ವ್ಯರ್ಥ.

ತಾರಾಗಣವೂ ಸುಳಿವು ಕೊಡುತ್ತದೆ. ಮಾತೇ ಆಡದ ಆ ಗಂಡನ ಪಾತ್ರಕ್ಕೆ ತುಳು ನಾಟಕದ ಹೆಸರಾಂತ ನಟನನ್ನು ಹಾಕಿಕೊಂಡಿದ್ದರೆ, ಇಂಥವನನ್ನು ಸುಮ್ಮನೆ ಜಗಲಿಯಲ್ಲಿ ಕೂರಿಸಲು ಕರೆತಂದಿರಲಿಕ್ಕಿಲ್ಲ ಎಂದು ಈ ಊರುಗಳ ಪ್ರೇಕ್ಷಕರು ಕ್ಷಣದಲ್ಲಿ ಲೆಕ್ಕ ಹಾಕುತ್ತಾರೆ. ಆಗ ಟೀಸರಿನಲ್ಲಿ ನಟರ ಹೆಸರು ಹಾಕದೆ ಚಿತ್ರದ ಹೆಸರಷ್ಟೇ ಕೊಡುವುದು ಲೇಸು. ಪ್ರಚಾರಕ್ಕೆ ನಟನ ಹೆಸರೇ ಆಧಾರವಾಗಿದ್ದರೆ ತಂಡ ಎರಡರಲ್ಲಿ ಒಂದನ್ನು ಬಿಟ್ಟುಕೊಡಬೇಕು.

ಮೂರನೆಯದು ಸಂಗೀತ. ಕತ್ತಲಿನ ಐದು ಸೆಕೆಂಡಿನ ಕೆಳಗೆ ಕರುಳು ಹಿಂಡುವ ಕೊಳಲು ಇಟ್ಟರೆ, ಬರುವುದು ಕಳ್ಳನಲ್ಲ, ಒಲವು ಎಂದು ಹೇಳಿದಂತಾಯಿತು. ಭಯದ ಸಂಗೀತ ಇಟ್ಟರೆ ದೆವ್ವದ ಕಥೆಯೆಂದು ನಂಬಿ ಬಂದವರು ಬೈದುಕೊಂಡು ಹೋಗುತ್ತಾರೆ. ಚಿತ್ರದೊಳಗಿನ ಸದ್ದುಗಳಲ್ಲೇ ಟೀಸರ್ ಕಟ್ಟುವುದು ಇವೆರಡರಿಂದಲೂ ತಪ್ಪಿಸಿಕೊಳ್ಳುವ ದಾರಿ. ಬೇರೆಯವರ ಹಾಡು ಬಳಸಿ ಯೂಟ್ಯೂಬಿನ ಹಕ್ಕುಸ್ವಾಮ್ಯ ತಪಾಸಣೆಯಲ್ಲಿ ಸಿಕ್ಕಿಬೀಳುವ ತೊಂದರೆಯೂ ಆಗ ಇಲ್ಲ.

ಗುಟ್ಟಿನ ಚಿಂತೆಯೇ ಇಲ್ಲದೆ ಸೋಲುವ ಟೀಸರುಗಳೂ ಇವೆ. ಬೆಳ್ತಂಗಡಿಯಲ್ಲಿ ಚಿತ್ರ ಮಾಡಿದರೆ ಗಡಾಯಿಕಲ್ಲಿನ ಮೇಲೆ, ಚಾರ್ಮಾಡಿಯ ಮಂಜಿನ ಮೇಲೆ ಡ್ರೋನ್ ಹಾರಿಸುವ ಆಸೆ ತಡೆಯಲಾಗದು. ಮೂಡುಬಿದಿರೆಯಲ್ಲಾದರೆ 1430ರ ಸಾವಿರ ಕಂಬದ ಬಸದಿಯ ಸಾಲುಗಂಬಗಳು. 30 ಸೆಕೆಂಡಿನಲ್ಲಿ ಹತ್ತು ಸೆಕೆಂಡು ಇಂಥ ನೋಟಗಳಿಗೆ ಹೋದರೆ ನೋಡುಗರಿಗೆ ತಿಳಿಯುವುದು ಚಿತ್ರ ಎಲ್ಲಿ ತೆಗೆದದ್ದು ಎಂಬುದಷ್ಟೇ. ಇಲ್ಲಿ ಮುಚ್ಚಿಟ್ಟದ್ದೂ ಇಲ್ಲ, ತೋರಿಸಿದ್ದೂ ಇಲ್ಲ. ಗುಡ್ಡವೇ ಕಥೆಯೊಳಗಿನ ಪಾತ್ರವಾಗಿದ್ದರೆ ಮಾತು ಬೇರೆ.

ಟೀಸರ್ ಹದವಾಗಿದೆಯೇ ಎಂದು ತಿಳಿಯಲು ಕಥೆ ಗೊತ್ತಿಲ್ಲದ ನಾಲ್ಕೈದು ಮಂದಿಗೆ ತೋರಿಸಿ ಎರಡು ಪ್ರಶ್ನೆ ಕೇಳಿದರೆ ಸಾಕು. ಏನನ್ನು ತಿಳಿಯಬೇಕು ಅನ್ನಿಸಿತು? ಕೊನೆಗೆ ಏನಾಗಬಹುದು? ಮೊದಲನೆಯದಕ್ಕೆ ಎಲ್ಲರೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟು, ಎರಡನೆಯದಕ್ಕೆ ಬೇರೆಬೇರೆ ಉತ್ತರ ಕೊಟ್ಟರೆ ಹದ ಸರಿಯಿದೆ. ಎರಡನೆಯದಕ್ಕೂ ಒಂದೇ ಉತ್ತರ ಬಂದರೆ ತೋರಿಸಿದ್ದು ಹೆಚ್ಚಾಯಿತು. ಮೊದಲನೆಯದಕ್ಕೆ ಕ್ಯಾಮರಾ ಚೆನ್ನಾಗಿದೆ ಎಂಬ ಉತ್ತರ ಬಂದರೆ ಪ್ರಶ್ನೆಯೇ ಹುಟ್ಟಲಿಲ್ಲ ಎಂದರ್ಥ. ಪರೀಕ್ಷೆಗೆ ಕೂರುವವರು ತಂಡದ ಮನೆಯವರಾಗಿರಬಾರದು. ಅಂಗಳದಲ್ಲೇ ಶೂಟಿಂಗ್ ನಡೆದ ಊರಿನವರೂ ಬೇಡ, ಅವರಿಗೆ ಕಥೆ ನಟರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ದೈವದ ವಿಷಯ

ತುಳುನಾಡಿನಲ್ಲಿ ಮುಚ್ಚಿಡಲು ಕುತೂಹಲಕ್ಕಿಂತ ಬೇರೆಯ ಕಾರಣವೂ ಇದೆ. ಭೂತಕೋಲದ ಅಣಿ, ಮುಖವರ್ಣಿಕೆ, ದೈವದ ಕೂಗು ಪರದೆಯ ಮೇಲೆ ಬಹಳ ಬೇಗ ಪರಿಣಾಮ ಬೀರುತ್ತವೆ. ಟೀಸರಿಗೆ ಇದಕ್ಕಿಂತ ಸುಲಭದ ಸರಕು ಈ ಸೀಮೆಯಲ್ಲಿ ಇನ್ನೊಂದಿಲ್ಲ. 2022ರ 'ಕಾಂತಾರ' ತೆರೆಕಂಡ ಮೇಲೆ ಜನ ಅಲ್ಲಲ್ಲಿ ಆ ಕೂಗನ್ನು ಅನುಕರಿಸತೊಡಗಿದಾಗ, ಅದು ನಂಬಿಕೆಯ ವಿಷಯ, ಹಾಗೆ ಮಾಡಬೇಡಿ ಎಂದು ನಿರ್ದೇಶಕ ರಿಷಬ್ ಶೆಟ್ಟಿ ಮನವಿ ಮಾಡಬೇಕಾಯಿತು.

ಇಡೀ ಚಿತ್ರದಲ್ಲಿ ದೈವದ ಪ್ರಸಂಗಕ್ಕೆ ಹಿಂದುಮುಂದು ಇರುತ್ತದೆ. ಟೀಸರಿನಲ್ಲಿ ಅದು ಎರಡು ಸೆಕೆಂಡಿನ ಚುರುಕಾಗಿ ಮಾತ್ರ ಉಳಿಯುತ್ತದೆ. ಆ ಎರಡು ಸೆಕೆಂಡು ಸ್ಟೇಟಸ್ಸಿನಲ್ಲಿ, ರೀಲಿನಲ್ಲಿ, ತಮಾಷೆಯ ಹಾಡಿನ ಜೊತೆ ಮತ್ತೆಮತ್ತೆ ಓಡುತ್ತದೆ, ತಡೆಯಲು ತಂಡಕ್ಕೆ ಸಾಧ್ಯವಿಲ್ಲ. ಕಥೆಗೆ ದೈವ ಬೇಕೇ ಬೇಕಾದರೂ ಟೀಸರಿನಲ್ಲಿ ಮುಖ ತೋರಿಸದೆ ಗಗ್ಗರದ ಸದ್ದೋ, ತೂಟೆಯ ಬೆಳಕು ಬಿದ್ದ ನೋಡುಗರ ಮುಖಗಳೋ ಇದ್ದರೆ ಸಾಕು. ನಂಬುವವರಿಗೆ ನೋವಿಲ್ಲ, ಕುತೂಹಲಕ್ಕೂ ಕೊರತೆಯಿಲ್ಲ.

ಬಿಡುಗಡೆ ಮತ್ತು ನಿಯಮಗಳು

ಯೂಟ್ಯೂಬ್ ಅಥವಾ ವಾಟ್ಸಾಪಿನಲ್ಲಿ ಹಾಕುವ ಟೀಸರಿಗೆ ಸೆನ್ಸಾರ್ ಪ್ರಮಾಣಪತ್ರ ಬೇಡ. ಅದೇ ತುಣುಕನ್ನು ಚಿತ್ರಮಂದಿರದಲ್ಲಿ ತೋರಿಸಬೇಕಾದರೆ 1952ರ ಸಿನಿಮಾಟೋಗ್ರಾಫ್ ಕಾಯಿದೆಯಂತೆ ಪ್ರಮಾಣಪತ್ರ ಬೇಕಾಗುತ್ತದೆ. ಚಿತ್ರೋತ್ಸವಗಳಲ್ಲಿ ಕೆಲವು, ಅಂತರ್ಜಾಲದಲ್ಲಿ ಪೂರ್ತಿ ಬಂದಿರುವ ಚಿತ್ರವನ್ನು ಸ್ಪರ್ಧೆಗೆ ಸೇರಿಸಿಕೊಳ್ಳುವುದಿಲ್ಲ. ಟೀಸರಿಗೆ ಸಾಮಾನ್ಯವಾಗಿ ಈ ಅಡ್ಡಿ ಇರುವುದಿಲ್ಲ. ಆದ್ದರಿಂದ ಚಿತ್ರ ಒಂದು ವರ್ಷ ಉತ್ಸವಗಳಲ್ಲಿ ತಿರುಗುವಾಗ ಊರಿನವರಿಗೆ ಕಾಣುವುದು ಟೀಸರ್ ಮಾತ್ರ. ಅಂಥ ಟೀಸರಿನಲ್ಲಿ ದಿನಾಂಕ ಹಾಕದೆ ಚಿತ್ರದ ಹೆಸರಷ್ಟೇ ಇಟ್ಟು, ಬಿಡುಗಡೆಯ ವಾರದಲ್ಲಿ ದಿನಾಂಕ ಸೇರಿಸಿ ಮತ್ತೆ ಹೊರತರುವುದು ಅನುಕೂಲ.

ನೇರವಾಗಿ ಯೂಟ್ಯೂಬಿಗೆ ಬರುವ ಚಿತ್ರಕ್ಕೆ ಒಂದು ವಾರದ ಅಂತರ ಸಾಕು. ತಿಂಗಳು ಮೊದಲೇ ಬಂದ ಟೀಸರ್ ಎಬ್ಬಿಸಿದ ಪ್ರಶ್ನೆ, ಚಿತ್ರ ಬರುವ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಚಿತ್ರ ಬಂದ ದಿನವೇ ಟೀಸರಿನ ವಿವರಣೆಯಲ್ಲಿ ಪೂರ್ತಿ ಚಿತ್ರದ ಕೊಂಡಿ ಸೇರಿಸಬೇಕು. ಇದನ್ನು ಮರೆತರೆ ಆಮೇಲೆ ಟೀಸರ್ ನೋಡಿದವರು ಹುಡುಕದೆ ಬಿಟ್ಟುಬಿಡುತ್ತಾರೆ.

ಐದು ನಿಮಿಷಕ್ಕಿಂತ ಚಿಕ್ಕ ಚಿತ್ರಕ್ಕೆ ಟೀಸರ್ ಬೇಕಾಗಿಲ್ಲ. ಶೇ. 2ರ ಲೆಕ್ಕದಲ್ಲಿ ಅದಕ್ಕೆ ಸಿಗುವುದು ಆರು ಸೆಕೆಂಡು, ಅಷ್ಟರಲ್ಲಿ ಹೆಸರು ಓದಿಸುವುದೇ ಕಷ್ಟ. ಒಂದು ಪೋಸ್ಟರು ಮತ್ತು ಒಂದು ಸಾಲಿನ ಪರಿಚಯ ಆ ಕೆಲಸವನ್ನು ಕಡಿಮೆ ಖರ್ಚಿನಲ್ಲಿ, ಚಿತ್ರದ ಒಂದು ಚಿತ್ರಿಕೆಯನ್ನೂ ಮುಟ್ಟದೆ ಮಾಡುತ್ತವೆ.